ವೇಧದಿಂದ ಮೋಕ್ಷದವರೆಗೆ: ಚಂದ್ರಗ್ರಹಣದ ದಿನದ ಊಟ, ಸ್ನಾನ, ಜಪ

ಗ್ರಹಣ ಬಂತೆಂದರೆ ಮನೆಯಲ್ಲಿ ಏಳುವ ಪ್ರಶ್ನೆಗಳು ಬಹುಮಟ್ಟಿಗೆ ಗಡಿಯಾರಕ್ಕೆ ಸಂಬಂಧಿಸಿದವು. ಊಟ ಎಷ್ಟು ಹೊತ್ತಿಗೆ ಮುಗಿಯಬೇಕು? ಅಜ್ಜಿಗೆ ಮಾತ್ರೆ ಕೊಡಬಹುದೇ? ದೇವರ ದೀಪ ಹಚ್ಚಬಹುದೇ? ರಾತ್ರಿ ಒಂದೂವರೆಗೆ ಗ್ರಹಣ ಬಿಟ್ಟರೆ ಆಮೇಲೆ ಊಟ ಮಾಡುವುದೋ, ಬೆಳಗಿನವರೆಗೆ ಕಾಯುವುದೋ? ಧರ್ಮಶಾಸ್ತ್ರದ ನಿಬಂಧಗಳಲ್ಲಿ, ಮುಖ್ಯವಾಗಿ ನಿರ್ಣಯಸಿಂಧು ಮತ್ತು ಧರ್ಮಸಿಂಧುಗಳಲ್ಲಿ, ಇವಕ್ಕೆಲ್ಲ ನೇರ ಉತ್ತರಗಳಿವೆ. ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳಲ್ಲಿರುವ ಭಯ ಆ ಗ್ರಂಥಗಳಲ್ಲಿಲ್ಲ. ಅಲ್ಲಿರುವುದು ಒಂದು ಲೆಕ್ಕ ಮತ್ತು ಒಂದು ಕ್ರಮ.

ಆ ಕ್ರಮವನ್ನು ಒಂದೇ ಶ್ಲೋಕ ಹಿಡಿದಿಟ್ಟುಕೊಂಡಿದೆ:

ಗ್ರಸ್ಯಮಾನೇ ಭವೇತ್ ಸ್ನಾನಂ ಗ್ರಸ್ತೇ ಹೋಮೋ ವಿಧೀಯತೇ |
ಮುಚ್ಯಮಾನೇ ಭವೇದ್ದಾನಂ ಮುಕ್ತೇ ಸ್ನಾನಂ ವಿಧೀಯತೇ ||

ಹಿಡಿಯುವಾಗ ಸ್ನಾನ, ಹಿಡಿದಿರುವಾಗ ಹೋಮ, ಬಿಡುತ್ತಿರುವಾಗ ದಾನ, ಬಿಟ್ಟ ಮೇಲೆ ಮತ್ತೆ ಸ್ನಾನ. ಗ್ರಹಣದ ಆಚರಣೆಯ ಬೆನ್ನೆಲುಬು ಇದು. ಊಟದ ನಿಯಮ ಇದಕ್ಕೆ ಮೊದಲೂ ಕೊನೆಯಲ್ಲೂ ಸೇರಿಕೊಳ್ಳುತ್ತದೆ. ನಿಯಮಗಳನ್ನು ಬರಿದೆ ಹೇಳುತ್ತಾ ಹೋಗುವ ಬದಲು 2025ರ ಸೆಪ್ಟೆಂಬರ್ 7ರ ಭಾನುವಾರ ರಾತ್ರಿ ನಡೆದ ಪೂರ್ಣ ಚಂದ್ರಗ್ರಹಣವನ್ನೇ ಎದುರಿಗಿಟ್ಟುಕೊಂಡು, ಬೆಂಗಳೂರಿನ ಹೊತ್ತಿನ ಪ್ರಕಾರ ಹೆಜ್ಜೆ ಹೆಜ್ಜೆಯಾಗಿ ಬಿಡಿಸುತ್ತೇನೆ. ಭಾದ್ರಪದ ಹುಣ್ಣಿಮೆಯ ಆ ಗ್ರಹಣ ನಮ್ಮಲ್ಲಿ ಮೊದಲಿನಿಂದ ಕೊನೆಯವರೆಗೆ ಕಾಣುವಂಥದ್ದಾಗಿತ್ತು. ಲೆಕ್ಕ ಕಲಿಯಲು ಅಂಥ ಗ್ರಹಣವೇ ಸರಿ.

ಮೊದಲ ಹೆಜ್ಜೆ: ಆಚರಿಸಬೇಕೇ, ಆಚರಿಸಬೇಕಾದರೆ ಯಾವ ಹೊತ್ತು?

ಶಾಸ್ತ್ರ ಗ್ರಹಣಸೂತಕವನ್ನು ಹೇಳುವಾಗ ಬಳಸುವ ಪದ ‘ರಾಹುದರ್ಶನೇ’ ಎಂದು. ಕಂಡರೆ ಸೂತಕ, ಕಾಣದಿದ್ದರೆ ಇಲ್ಲ. ಅಂದರೆ ನಾವಿರುವ ಊರಿನ ಆಕಾಶದಲ್ಲಿ ಗ್ರಹಣ ಗೋಚರಿಸಬೇಕು. ಅದೇ ಸೆಪ್ಟೆಂಬರ್ 21ರಂದು ಸೂರ್ಯಗ್ರಹಣವೂ ಇತ್ತು. ಅದು ಭಾರತದಲ್ಲಿ ಕಾಣಲಿಲ್ಲ, ಆದ್ದರಿಂದ ನಮಗೆ ಸ್ನಾನವೂ ಇಲ್ಲ, ಉಪವಾಸವೂ ಇಲ್ಲ. ಮಗನೋ ಮಗಳೋ ವಿದೇಶದಲ್ಲಿದ್ದರೆ ಅವರು ಅಲ್ಲಿಯ ಆಕಾಶವನ್ನು ನೋಡಿಕೊಳ್ಳಬೇಕು, ಊರಿನ ಪಂಚಾಂಗವನ್ನಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಮೋಡ ಕವಿದು ಚಂದ್ರ ಕಾಣದಿದ್ದರೆ? ಭಾದ್ರಪದದ ಮಳೆಗಾಲದಲ್ಲಿ ಇದು ಆಗುವ ಮಾತೇ. ಧರ್ಮಸಿಂಧು ಇದನ್ನು ಎತ್ತಿಕೊಂಡು, ಮೋಡ ಮುಚ್ಚಿದ್ದರೆ ಸ್ಪರ್ಶ ಎಂದರೆ ಗ್ರಹಣ ಹಿಡಿಯುವ ಹೊತ್ತನ್ನೂ ಮೋಕ್ಷ ಎಂದರೆ ಪೂರ್ತಿ ಬಿಡುವ ಹೊತ್ತನ್ನೂ ಶಾಸ್ತ್ರದಿಂದ ತಿಳಿದು ಆಚರಿಸಬೇಕು ಎನ್ನುತ್ತದೆ. ಚಂದ್ರ ದಿಗಂತದ ಕೆಳಗಿದ್ದರೆ ಆ ಊರಿಗೆ ಗ್ರಹಣವಿಲ್ಲ. ಮೇಲಿದ್ದು ಮೋಡದ ಮರೆಯಲ್ಲಿದ್ದರೆ ಗ್ರಹಣವಿದೆ.

ಇನ್ನು ಹೊತ್ತಿನ ವಿಷಯ. ಆ ದಿನ ಎರಡು ಆರಂಭದ ಸಮಯಗಳು ಹರಿದಾಡಿದವು: ರಾತ್ರಿ 8:58 ಮತ್ತು 9:57. ಎರಡೂ ತಪ್ಪಲ್ಲ. 8:58ಕ್ಕೆ ಚಂದ್ರ ಭೂಮಿಯ ಅರೆನೆರಳನ್ನು ಹೊಕ್ಕ. ಆಗ ಬೆಳಕು ಕಣ್ಣಿಗೆ ತಿಳಿಯದಷ್ಟು ಮಾತ್ರ ಮಂಕಾಗುತ್ತದೆ. 9:57ಕ್ಕೆ ದಟ್ಟ ನೆರಳು ತಾಗಿ ಅಂಚು ಕಪ್ಪಾಗತೊಡಗಿತು. ಆಚರಣೆಗೆ ಎಣಿಸುವುದು ಈ ಎರಡನೆಯದನ್ನು. ಬರೀ ಅರೆನೆರಳಿನ ಗ್ರಹಣಗಳಿಗೆ, 2023ರ ಮೇ 5ರದ್ದು ಅಂಥದ್ದು, ಆಚರಣೆಯೇ ಇಲ್ಲ. ನಮ್ಮ ಮನೆಯಲ್ಲೇ ಒಮ್ಮೆ ಈ ಗೊಂದಲವಾಗಿ, ಒಂದು ಗಂಟೆ ಮೊದಲೇ ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲಿ ಕಾದು ಕುಳಿತ ಹಿರಿಯರು ಎರಡು ದಿನ ಕೆಮ್ಮಿದರು. ಪಂಚಾಂಗದಲ್ಲಿ ‘ಸ್ಪರ್ಶ’ ಎಂದು ಬರೆದ ಹೊತ್ತನ್ನೇ ಹಿಡಿಯಿರಿ.

ಆ ರಾತ್ರಿಯ ಹೊತ್ತುಗಳು ಹೀಗಿದ್ದವು. ಸ್ಪರ್ಶ 9:57. ಚಂದ್ರ ಪೂರ್ತಿ ಮುಳುಗುವ ಸಮ್ಮೀಲನ 11:01. ಮಧ್ಯ ಸುಮಾರು 11:42. ಮತ್ತೆ ಬೆಳಕಿನ ಅಂಚು ಮೂಡುವ ಉನ್ಮೀಲನ 12:23. ಮೋಕ್ಷ 1:27. ಒಟ್ಟು ಮೂರೂವರೆ ಗಂಟೆ. ಇವನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿಬಿಟ್ಟರೆ ಅರ್ಧ ಗಲಿಬಿಲಿ ತಪ್ಪುತ್ತದೆ.

ಎರಡನೆಯ ಹೆಜ್ಜೆ: ವೇಧದ ಲೆಕ್ಕ

ಗ್ರಹಣಕ್ಕೆ ಮೊದಲು ಊಟ ನಿಲ್ಲಿಸುವ ಅವಧಿಗೆ ವೇಧ ಎಂದು ಹೆಸರು. ಸೂರ್ಯಗ್ರಹಣಕ್ಕೆ ನಾಲ್ಕು ಯಾಮ, ಚಂದ್ರಗ್ರಹಣಕ್ಕೆ ಮೂರು ಯಾಮ. ಯಾಮವೆಂದರೆ ಮೂರು ಗಂಟೆ ಎಂದು ಎಲ್ಲರೂ ಹೇಳುತ್ತಾರೆ. ಹಾಗಾಗಿ ಹನ್ನೆರಡು ಗಂಟೆ, ಒಂಬತ್ತು ಗಂಟೆ ಎಂಬ ಸುಲಭ ಸೂತ್ರ ಬಳಕೆಗೆ ಬಂದಿದೆ. ನಿಜವಾಗಿ ಯಾಮವೆಂದರೆ ಹಗಲಿನ ನಾಲ್ಕನೆಯ ಒಂದು ಭಾಗ, ಇಲ್ಲವೇ ರಾತ್ರಿಯ ನಾಲ್ಕನೆಯ ಒಂದು ಭಾಗ. ಜೊತೆಗೆ, ಹಿಂದಕ್ಕೆ ಎಣಿಸಬೇಕಾದದ್ದು ಸ್ಪರ್ಶದ ನಿಮಿಷದಿಂದಲ್ಲ, ಸ್ಪರ್ಶ ಯಾವ ಯಾಮದಲ್ಲಿ ಬಿದ್ದಿದೆಯೋ ಆ ಯಾಮದ ಆರಂಭದಿಂದ.

ನಮ್ಮ ಉದಾಹರಣೆಗೆ ಹಚ್ಚಿ ನೋಡೋಣ. ಆ ದಿನ ಬೆಂಗಳೂರಿನಲ್ಲಿ ಸೂರ್ಯೋದಯ ಸುಮಾರು 6:10ಕ್ಕೆ, ಸೂರ್ಯಾಸ್ತ ಸುಮಾರು 6:25ಕ್ಕೆ. ರಾತ್ರಿಯ ಮೊದಲ ಯಾಮ 6:25ರಿಂದ ಸುಮಾರು 9:20ರವರೆಗೆ. ಸ್ಪರ್ಶ 9:57ಕ್ಕೆ ಆದ್ದರಿಂದ ಅದು ರಾತ್ರಿಯ ಎರಡನೆಯ ಯಾಮದಲ್ಲಿ ಬಿತ್ತು. ಅದಕ್ಕೆ ಹಿಂದಿನ ಮೂರು ಯಾಮಗಳು ಯಾವುವು? ರಾತ್ರಿಯ ಮೊದಲನೆಯದು, ಹಗಲಿನ ನಾಲ್ಕನೆಯದು, ಹಗಲಿನ ಮೂರನೆಯದು. ಹಗಲಿನ ಮೂರನೆಯ ಯಾಮ ಶುರುವಾಗುವುದು ನಡುಹಗಲಿಗೆ, ಅಂದರೆ ಸುಮಾರು 12:17ಕ್ಕೆ. ಆದ್ದರಿಂದ ಮಧ್ಯಾಹ್ನ ಹನ್ನೆರಡೂಕಾಲರೊಳಗೆ ಊಟ ಮುಗಿಯಬೇಕು. ಒಂಬತ್ತು ಗಂಟೆಯ ಸೂತ್ರ ಹಿಡಿದಿದ್ದರೆ 12:57 ಬರುತ್ತಿತ್ತು. ಎರಡು ಪಂಚಾಂಗಗಳು ನಲವತ್ತು ನಿಮಿಷದ ವ್ಯತ್ಯಾಸ ತೋರಿಸಿದರೆ ಗಾಬರಿಯಾಗಬೇಕಿಲ್ಲ. ಎಣಿಕೆಯ ದಾರಿ ಬೇರೆ, ಅಷ್ಟೇ. ಹನ್ನೊಂದೂವರೆಗೆ ಎಲೆ ಹಾಕಿದರೆ ಎರಡೂ ಲೆಕ್ಕಕ್ಕೆ ಸರಿಹೋಗುತ್ತದೆ.

ಸೂರ್ಯಗ್ರಹಣದಲ್ಲಿ ಇದೇ ಲೆಕ್ಕ ಹಿಂದಿನ ದಿನಕ್ಕೆ ಹೋಗುತ್ತದೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ಬೆಳಿಗ್ಗೆ ಎಂಟರ ಹೊತ್ತಿಗೆ, ಹಗಲಿನ ಮೊದಲ ಯಾಮದಲ್ಲೇ ಹಿಡಿಯಿತು. ಅದಕ್ಕೆ ಹಿಂದಿನ ನಾಲ್ಕು ಯಾಮಗಳೆಂದರೆ ಇಡೀ ರಾತ್ರಿ. ಕಟ್ಟುನಿಟ್ಟಾಗಿ ಆಚರಿಸುವವರು 25ರ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿದರು. ‘ಗ್ರಹಣ ನಾಳೆ ತಾನೇ’ ಎಂದು ರಾತ್ರಿ ಹಾಯಾಗಿ ಉಂಡವರು ಬೆಳಿಗ್ಗೆ ಪಂಚಾಂಗ ತೆರೆದು ಪೇಚಾಡಿದ್ದನ್ನು ನಾನು ಕಂಡಿದ್ದೇನೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಮೂರು ಯಾಮ, ನಾಲ್ಕು ಯಾಮ ಎಂದು ಹೇಳಿದ ಅದೇ ಶ್ಲೋಕ ‘ಬಾಲವೃದ್ಧಾತುರೈರ್ವಿನಾ’ ಎಂದು ಮುಗಿಯುತ್ತದೆ. ಮಕ್ಕಳು, ಮುದುಕರು, ಕಾಯಿಲೆಯವರು ಇದಕ್ಕೆ ಹೊರತು. ಅವರಿಗೆ ಧರ್ಮಸಿಂಧು ಒಂದೂವರೆ ಯಾಮ, ಇಲ್ಲವೇ ಮೂರು ಮುಹೂರ್ತದ ವೇಧ ಸಾಕು ಎನ್ನುತ್ತದೆ. ಮುಹೂರ್ತವೆಂದರೆ 48 ನಿಮಿಷ. ಮೂರು ಸೇರಿದರೆ 2 ಗಂಟೆ 24 ನಿಮಿಷ. ನಮ್ಮ ಉದಾಹರಣೆಯಲ್ಲಿ, ಸ್ಪರ್ಶದಿಂದಲೇ ಗಂಟೆ ಎಣಿಸುವ ಸುಲಭ ಸೂತ್ರ ಹಿಡಿದರೆ, ಒಂದೂವರೆ ಯಾಮದ ಲೆಕ್ಕಕ್ಕೆ ಅವರು ಸಂಜೆ ಸುಮಾರು ಐದೂವರೆಯವರೆಗೆ, ಮೂರು ಮುಹೂರ್ತದ ಲೆಕ್ಕಕ್ಕೆ 7:33ರವರೆಗೆ ಊಟ ಮಾಡಬಹುದಿತ್ತು. ಅಂದರೆ ಏಳು ಗಂಟೆಗೆ ಅಜ್ಜನಿಗೆ ಬಿಸಿಬಿಸಿ ಗಂಜಿ ಬಡಿಸಿದರೆ ಶಾಸ್ತ್ರಕ್ಕೆ ಯಾವ ಭಂಗವೂ ಇಲ್ಲ. ಸಕ್ಕರೆ ಕಾಯಿಲೆಯವರು, ಬಸುರಿಯರು, ಹಾಲೂಡಿಸುವ ತಾಯಂದಿರು ಮಧ್ಯಾಹ್ನದಿಂದ ಬೆಳಗಿನವರೆಗೆ ಹಸಿದಿರಬೇಕೆಂದು ಒತ್ತಾಯಿಸುವುದು ಆ ಶ್ಲೋಕದ ಅರ್ಧವನ್ನು ಮಾತ್ರ ಓದಿದಂತೆ. ಔಷಧಿ ಮತ್ತು ನೀರನ್ನು ಇಂಥವರಿಗೆ ಗ್ರಹಣದ ನಡುವೆಯೂ ತಡೆಯಬಾರದು. ವೈದ್ಯರು ಹೇಳಿದ ಹೊತ್ತಿಗೆ ಇನ್ಸುಲಿನ್ ತೆಗೆದುಕೊಂಡವರು ಅದರ ಜೊತೆಗಿನ ಆಹಾರವನ್ನು ಬಿಡಲೇಕೂಡದು.

ಮೂರನೆಯ ಹೆಜ್ಜೆ: ಅಡುಗೆಮನೆಯ ಸಿದ್ಧತೆ

‘ಶೃತಮನ್ನಂ ವಿವರ್ಜಯೇತ್’ ಎಂಬುದು ಸ್ಮೃತಿಯ ಮಾತು. ಶೃತವೆಂದರೆ ಬೇಯಿಸಿದ್ದು. ಗ್ರಹಣಕ್ಕೆ ಮೊದಲು ಬೇಯಿಸಿ ಉಳಿದ ಅನ್ನ, ಸಾರು, ಪಲ್ಯವನ್ನು ಗ್ರಹಣವಾದ ಮೇಲೆ ತಿನ್ನುವಂತಿಲ್ಲ. ಬೇಯಿಸದ ಅಕ್ಕಿ, ಬೇಳೆ, ಹಿಟ್ಟು, ತರಕಾರಿ, ಹಣ್ಣುಗಳ ಮಾತು ಇಲ್ಲಿ ಬರುವುದೇ ಇಲ್ಲ. ನೀರು, ಮಜ್ಜಿಗೆ, ಹುಳಿಗಂಜಿ ಮೊದಲಾದವು ಎಳ್ಳು ಮತ್ತು ದರ್ಭೆಯಿಂದ ಕೆಡುವುದಿಲ್ಲ ಎಂದು ಮತ್ತೊಂದು ವಚನವಿದೆ: ‘ವಾರಿತಕ್ರಾರನಾಲಾದಿ ತಿಲದರ್ಭೈರ್ನ ದುಷ್ಯತಿ’. ಹಾಲು, ಮೊಸರು, ತುಪ್ಪದಲ್ಲಿ ಅಥವಾ ಎಣ್ಣೆಯಲ್ಲಿ ಕರಿದ ತಿಂಡಿಗಳನ್ನೂ ಸಂಪ್ರದಾಯ ಇದೇ ಗುಂಪಿಗೆ ಸೇರಿಸುತ್ತದೆ. ಹೀಗಾಗಿ ಉಪ್ಪಿನಕಾಯಿ ಜಾಡಿ, ತುಪ್ಪದ ಡಬ್ಬ, ಚಕ್ಕುಲಿಯ ಡಬ್ಬವನ್ನು ಚೆಲ್ಲುವ ಪ್ರಶ್ನೆಯೇ ಇಲ್ಲ. ದೋಸೆಹಿಟ್ಟು ರುಬ್ಬಿದ್ದೇ ಹೊರತು ಬೇಯಿಸಿದ್ದಲ್ಲ. ಅದಕ್ಕೂ ಒಂದು ದರ್ಭೆ ಹಾಕಿ ಇಟ್ಟುಕೊಳ್ಳುವ ಮನೆಗಳೇ ಹೆಚ್ಚು.

ಮಾಡಬೇಕಾದದ್ದು ಇಷ್ಟು. ಮಧ್ಯಾಹ್ನದ ಅಡುಗೆಯನ್ನು ಎಲೆಗೆ ಬೇಕಾದಷ್ಟೇ ಮಾಡಿ. ಮಕ್ಕಳಿಗೂ ಹಿರಿಯರಿಗೂ ಸಂಜೆಗೆ ಬೇರೆಯಾಗಿ ಸ್ವಲ್ಪವೇ ಬೇಯಿಸಿ. ಉಳಿಯದ ಅನ್ನವನ್ನು ಚೆಲ್ಲುವ ಸಂಕಟವಿಲ್ಲ. ಮೇಲೇನಾದರೂ ಉಳಿದರೆ ಸ್ಪರ್ಶಕ್ಕೆ ಮೊದಲೇ ಹಸುವಿಗೋ ನಾಯಿಗೋ ಹಾಕಿ. ಊಟವಾದ ಮೇಲೆ ಪಾತ್ರೆ ತೊಳೆದು, ಕುಡಿಯುವ ನೀರಿನ ಕೊಡ, ಹಾಲು, ಮೊಸರು, ಹಿಟ್ಟು, ಉಪ್ಪಿನಕಾಯಿಗೆ ಒಂದೊಂದು ಪಾತ್ರೆಗೆ ಒಂದೆರಡು ಎಸಳು ದರ್ಭೆ ಹಾಕಿ ಮುಚ್ಚಿ. ಮನೆಯ ಮೇಲಿನ ನೀರಿನ ಟ್ಯಾಂಕಿಗೆ ಒಂದು ಚಿಕ್ಕ ಕಟ್ಟು ಸಾಕು.

ದರ್ಭೆಗೂ ಗರಿಕೆಗೂ ವ್ಯತ್ಯಾಸವಿದೆ. ಗಣಪತಿಗೆ ಏರಿಸುವ ಮೃದುವಾದ ಎಳೆಯ ಹುಲ್ಲು ಗರಿಕೆ. ದರ್ಭೆ ಉದ್ದವಾಗಿ, ಒರಟಾಗಿ, ತುದಿ ಚೂಪಾಗಿ ಇರುತ್ತದೆ. ಅಂಚಿನಲ್ಲಿ ಬೆರಳು ಎಳೆದರೆ ಕೊಯ್ಯುವಷ್ಟು ಹರಿತ. ಗ್ರಂಥಿಗೆ ಅಂಗಡಿಯಲ್ಲಿ ಒಣ ಕಟ್ಟು ಸಿಗುತ್ತದೆ, ಪುರೋಹಿತರ ಮನೆಯಲ್ಲಂತೂ ಇದ್ದೇ ಇರುತ್ತದೆ. ಗ್ರಹಣದ ಹಿಂದಿನ ಸಂಜೆ ಹುಡುಕಿದರೆ ಸಿಗುವುದು ಕಷ್ಟ, ಒಂದು ವಾರ ಮೊದಲೇ ತಂದಿಡಿ. ಸಿಗದಿದ್ದಲ್ಲಿ ಗರಿಕೆಯನ್ನೋ ತುಳಸಿಯನ್ನೋ ಹಾಕುವ ರೂಢಿಯೂ ಇದೆ. ಆದರೆ ವಚನದಲ್ಲಿರುವುದು ಎಳ್ಳು ಮತ್ತು ದರ್ಭೆ. ಎಳ್ಳು ಪ್ರತಿ ಮನೆಯ ಡಬ್ಬದಲ್ಲಿರುವ ವಸ್ತು. ನಾಲ್ಕು ಕಾಳು ಎಳ್ಳು ಹಾಕುವುದನ್ನು ನಾವು ಮರೆತೇಬಿಟ್ಟಿದ್ದೇವೆ.

ದರ್ಭೆ ಆಚಾರದ ಶುದ್ಧಿಗೆ, ಆಹಾರ ಹಳಸದಂತೆ ತಡೆಯುವುದಕ್ಕಲ್ಲ. ಗ್ರಹಣದಿಂದ ಅನ್ನ ವಿಷವಾಗುತ್ತದೆ ಎಂಬುದಕ್ಕೆ ವಿಜ್ಞಾನದ ಆಧಾರವಿಲ್ಲ, ಶಾಸ್ತ್ರವೂ ಹೇಳುವುದು ಸೂತಕವೆಂದೇ ಹೊರತು ವಿಷವೆಂದಲ್ಲ. ಆದರೆ ಮಧ್ಯಾಹ್ನದ ಹಾಲನ್ನು ದರ್ಭೆ ಹಾಕಿದ್ದೇವಲ್ಲ ಎಂದು ಬೆಳಗಿನವರೆಗೆ ಹೊರಗೇ ಇಟ್ಟರೆ ಒಡೆಯುವುದು ಒಡೆಯುತ್ತದೆ. ದರ್ಭೆ ಹಾಕಿ, ಫ್ರಿಜ್ಜಿನಲ್ಲೂ ಇಡಿ.

ನಾಲ್ಕನೆಯ ಹೆಜ್ಜೆ: ಸ್ಪರ್ಶಸ್ನಾನ

ವೇಧ ತಡೆಯುವುದು ಊಟವನ್ನು ಮಾತ್ರ. ಸಂಜೆಯ ಸಂಧ್ಯಾವಂದನೆ, ದೇವರ ಮುಂದಿನ ದೀಪ ಎಂದಿನಂತೆಯೇ. ಬೇಯಿಸಿದ ನೈವೇದ್ಯದ ಪೂಜೆಯನ್ನು ಮಾತ್ರ ಮಧ್ಯಾಹ್ನಕ್ಕೆ ಮೊದಲೇ ಮುಗಿಸಿಕೊಂಡಿರಬೇಕು.

ಸ್ಪರ್ಶವಾಗುತ್ತಿದ್ದಂತೆ ತಲೆಯ ಮೇಲಿನಿಂದ ಸ್ನಾನ. ಸೆಪ್ಟೆಂಬರ್ 7ರಂದು ಇದು 9:57ಕ್ಕೆ. ಒಂದೇ ಬಚ್ಚಲುಮನೆಯಲ್ಲಿ ನಾಲ್ವರಿದ್ದರೆ ಜಪಕ್ಕೆ ಕೂರುವವರು ಮೊದಲು ಮುಗಿಸಲಿ, ಉಳಿದವರು ಒಬ್ಬರಾದ ಮೇಲೊಬ್ಬರು ಮಾಡಲಿ. ಗ್ರಹಣ ಮೂರೂವರೆ ಗಂಟೆ ಇದೆ. ನದಿ, ಸಮುದ್ರಸಂಗಮ ಶ್ರೇಷ್ಠ ಎಂಬುದು ನಿಜ. ಶ್ರೀರಂಗಪಟ್ಟಣದ ಕಾವೇರಿಗೆ, ಸೂರ್ಯಗ್ರಹಣವಾದರೆ ಕುರುಕ್ಷೇತ್ರದ ಬ್ರಹ್ಮಸರೋವರಕ್ಕೆ ಜನ ಹೋಗುತ್ತಾರೆ. ಆದರೆ ‘ಸರ್ವಂ ಗಂಗಾಸಮಂ ತೋಯಂ’, ಗ್ರಹಣಕಾಲದಲ್ಲಿ ಎಲ್ಲ ನೀರೂ ಗಂಗೆಗೆ ಸಮ ಎಂದು ಶಾಸ್ತ್ರ ಹೇಳಿದ ಮೇಲೆ ಮನೆಯ ನಲ್ಲಿಯ ನೀರಿಗೆ ಕುಂದೇನಿದೆ? ಮಳೆಗಾಲದ ತುಂಬಿದ ಹೊಳೆಗೆ ರಾತ್ರಿ ಹತ್ತು ಗಂಟೆಯಲ್ಲಿ ಇಳಿಯುವ ಸಾಹಸವನ್ನು ಯಾವ ನಿಬಂಧವೂ ಕೇಳುವುದಿಲ್ಲ. ತಣ್ಣೀರು ಮುಖ್ಯ ಪಕ್ಷ, ಕಾಯಿಲೆಯವರಿಗೆ ಬಿಸಿನೀರಿಗೆ ಅವಕಾಶವಿದೆ.

ಸ್ನಾನಕ್ಕೆ ಮೊದಲು ಸಂಕಲ್ಪ. ಆ ದಿನದ್ದು ವಿಶ್ವಾವಸು ಸಂವತ್ಸರ, ದಕ್ಷಿಣಾಯನ, ವರ್ಷ ಋತು, ಭಾದ್ರಪದ ಶುಕ್ಲ ಪೂರ್ಣಿಮೆ, ಭಾನುವಾಸರ ಎಂದು ಹೇಳಿ, ‘ರಾಹುಗ್ರಸ್ತ ಸೋಮೋಪರಾಗ ಪುಣ್ಯಕಾಲೇ ಸ್ನಾನಮಹಂ ಕರಿಷ್ಯೇ’ ಎಂದು ಮುಗಿಸುವುದು. ರಾಹುಗ್ರಸ್ತವೋ ಕೇತುಗ್ರಸ್ತವೋ ಎಂಬುದನ್ನು ಪಂಚಾಂಗ ಹೇಳುತ್ತದೆ. ಅಂದು ಚಂದ್ರ ಕುಂಭದಲ್ಲಿ ರಾಹುವಿನ ಜೊತೆಗಿದ್ದ. ಸಂಸ್ಕೃತ ಬಾರದವರು ‘ಗ್ರಹಣದ ನಿಮಿತ್ತ ಸ್ನಾನ ಮಾಡುತ್ತಿದ್ದೇನೆ’ ಎಂದು ಕನ್ನಡದಲ್ಲಿ ಮನಸ್ಸಿನಲ್ಲೇ ಹೇಳಿಕೊಂಡರೂ ಸಂಕಲ್ಪವೇ.

ಹೆರಿಗೆಯ ಅಥವಾ ಸಾವಿನ ಆಶೌಚದಲ್ಲಿರುವವರು ಗ್ರಹಣದ ಸ್ನಾನ ಮಾಡಬಹುದೇ ಎಂದು ಪ್ರತಿಬಾರಿ ಯಾರಾದರೂ ಕೇಳುತ್ತಾರೆ. ಮಾಡಬೇಕು. ಗ್ರಹಣದ ಸ್ನಾನಕ್ಕೂ ದಾನಕ್ಕೂ ಆ ಆಶೌಚ ಅಡ್ಡಿಯಲ್ಲ ಎಂದು ನಿಬಂಧಗಳು ಸ್ಪಷ್ಟವಾಗಿ ಹೇಳುತ್ತವೆ. ಮುಟ್ಟಾದ ಹೆಂಗಸರೂ ಬೇರೆ ಪಾತ್ರೆಯಲ್ಲಿ ತೆಗೆದಿಟ್ಟ ನೀರಿನಿಂದ ಸ್ನಾನ ಮಾಡಬೇಕೆಂದೇ ವಚನವಿದೆ.

ಐದನೆಯ ಹೆಜ್ಜೆ: ಗ್ರಹಣದ ನಡುವೆ ಜಪ ಮತ್ತು ದಾನ

ಈ ಹೊತ್ತಿನ ಪೂಜೆಯ ಬಗ್ಗೆ ಎರಡು ತಪ್ಪು ತಿಳಿವಳಿಕೆಗಳಿವೆ. ಗ್ರಹಣದಲ್ಲಿ ದೇವರ ಹೆಸರೇ ಎತ್ತಬಾರದು ಎಂಬುದು ಒಂದು. ದೇವಸ್ಥಾನ ಮುಚ್ಚಿರುವುದನ್ನು ಕಂಡು ಹುಟ್ಟಿದ ತಪ್ಪು ಇದು. ಎಂದಿನಂತೆ ವಿಗ್ರಹಕ್ಕೆ ಷೋಡಶೋಪಚಾರ ಪೂಜೆ ಮಾಡಬಹುದು ಎಂಬುದು ಇನ್ನೊಂದು. ಸಂಪ್ರದಾಯದಲ್ಲಿ ಗ್ರಹಣಕಾಲದಲ್ಲಿ ಮೂರ್ತಿಯನ್ನು ಮುಟ್ಟುವುದಿಲ್ಲ. ದೇವರ ಕೋಣೆಯ ಬಾಗಿಲು ಎಳೆದುಕೊಂಡೋ ಪರದೆ ಹಾಕಿಯೋ ಬಿಡುತ್ತಾರೆ. ಆದರೆ ಜಪಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ ಎಂಬುದೇ ಶಾಸ್ತ್ರದ ಮತ. ಮಂತ್ರೋಪದೇಶಕ್ಕೆ ಬೇರೆ ಮುಹೂರ್ತ ನೋಡಬೇಕಿಲ್ಲ ಎನ್ನುವಷ್ಟರ ಮಟ್ಟಿಗೆ ಇದು ಪುಣ್ಯಕಾಲ. ದೇವಸ್ಥಾನಗಳೆಲ್ಲ ಮುಚ್ಚುತ್ತವೆ ಎಂಬುದೂ ಪೂರ್ತಿ ನಿಜವಲ್ಲ. ಗೋಕರ್ಣದ ಮಹಾಬಲೇಶ್ವರನ ಸನ್ನಿಧಿ ಗ್ರಹಣಕಾಲದಲ್ಲೂ ಭಕ್ತರಿಗೆ ತೆರೆದಿರುತ್ತದೆ, ಆಂಧ್ರದ ಶ್ರೀಕಾಳಹಸ್ತಿಯೂ ಹಾಗೆಯೇ.

ಮನೆಯಲ್ಲಿ ಹೋಮ ಮಾಡುವವರು ಈಗ ವಿರಳ. ಅದರ ಜಾಗದಲ್ಲಿ ಜಪವೇ ನಡೆಯುತ್ತದೆ. ಸ್ನಾನವಾದ ಮೇಲೆ ಮಡಿಯುಟ್ಟು, ಉಪದೇಶವಾದವರು ಗಾಯತ್ರಿಯನ್ನೋ ಇಷ್ಟಮಂತ್ರವನ್ನೋ, ಉಳಿದವರು ‘ಓಂ ನಮಃ ಶಿವಾಯ’ ಅಥವಾ ರಾಮನಾಮವನ್ನೋ ಹಿಡಿದು ಕೂರುವುದು. ಇಷ್ಟು ಸಾವಿರ ಎಂದು ಹಟ ತೊಟ್ಟು ಕೊನೆಯಲ್ಲಿ ಓಡಿಸುವುದಕ್ಕಿಂತ, ಹತ್ತೂಕಾಲರಿಂದ ಹನ್ನೆರಡರವರೆಗೆ ಕೂರುತ್ತೇನೆ ಎಂದು ಹೊತ್ತನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅನುಭವ. ತಮ್ಮ ಜನ್ಮನಕ್ಷತ್ರಕ್ಕೋ ರಾಶಿಗೋ ಗ್ರಹಣದೋಷವಿದೆ ಎಂದು ಪಂಚಾಂಗದಲ್ಲಿ ಕಂಡವರು ‘ಯೋಽಸೌ ವಜ್ರಧರೋ ದೇವಃ’ ಎಂದು ಆರಂಭವಾಗುವ ಗ್ರಹಪೀಡಾ ಪರಿಹಾರದ ಶ್ಲೋಕಗಳನ್ನು ಓದಿಕೊಳ್ಳುತ್ತಾರೆ. ಇಂದ್ರನಿಂದ ಹಿಡಿದು ಒಬ್ಬೊಬ್ಬ ದಿಕ್ಪಾಲಕನನ್ನೂ ಕರೆದು ಪೀಡೆಯನ್ನು ಕಳೆಯಲೆಂದು ಬೇಡುವ ಶ್ಲೋಕಗಳವು.

ಚಂದ್ರಗ್ರಹಣವನ್ನು ಬರಿಗಣ್ಣಿನಿಂದ ನೋಡಿದರೆ ಕಣ್ಣಿಗೆ ಹಾನಿಯಿಲ್ಲ. ಸಮ್ಮೀಲನದಿಂದ ಉನ್ಮೀಲನದವರೆಗೆ, ಆ ರಾತ್ರಿ 11:01ರಿಂದ 12:23ರವರೆಗೆ, ಚಂದ್ರ ತಾಮ್ರದ ಬಟ್ಟಲಿನಂತೆ ಕೆಂಪಾಗಿರುತ್ತಾನೆ. ಜಪದ ನಡುವೆ ಎದ್ದು ಅಂಗಳಕ್ಕೆ ಹೋಗಿ ಒಮ್ಮೆ ನೋಡಿ ಬರಬಹುದು. ಸೂರ್ಯಗ್ರಹಣದ ಮಾತು ಬೇರೆ. ಅದಕ್ಕೆಂದೇ ತಯಾರಿಸಿದ ಪ್ರಮಾಣಿತ ಸೌರ ಕನ್ನಡಕವಿಲ್ಲದೆ ನೋಡಬಾರದು. ಎಕ್ಸ್-ರೇ ಹಾಳೆ, ಮಸಿ ಹಿಡಿಸಿದ ಗಾಜು, ಸಗಣಿ ನೀರಿನ ಬಕೆಟ್ಟಿನ ಪ್ರತಿಬಿಂಬ ಯಾವುದೂ ಸುರಕ್ಷಿತವಲ್ಲ.

ಗ್ರಹಣ ಬಿಡತೊಡಗಿದಾಗ ದಾನ. ಚಂದ್ರನಿಗೆ ಅಕ್ಕಿ ಮತ್ತು ಬಿಳಿ ವಸ್ತ್ರ, ಸೂರ್ಯನಿಗೆ ಗೋಧಿ, ರಾಹುವಿಗೆ ಉದ್ದು, ಕೇತುವಿಗೆ ಹುರುಳಿ ಎಂಬುದು ರೂಢಿ. ಸೆಪ್ಟೆಂಬರಿನದು ರಾಹುಗ್ರಸ್ತ ಚಂದ್ರಗ್ರಹಣವಾದ್ದರಿಂದ ಅಕ್ಕಿ ಮತ್ತು ಉದ್ದು. 2026ರ ಮಾರ್ಚ್ 3ರದು ಕೇತುಗ್ರಸ್ತ, ಅದಕ್ಕೆ ಅಕ್ಕಿ ಮತ್ತು ಹುರುಳಿ. ನಡುರಾತ್ರಿ ಹನ್ನೆರಡೂವರೆಗೆ ದಾನ ತೆಗೆದುಕೊಳ್ಳುವವರು ಎದುರಿಗಿರುವುದಿಲ್ಲ. ಆ ಹೊತ್ತಿನಲ್ಲಿ ತಟ್ಟೆಯಲ್ಲಿ ಧಾನ್ಯ, ದಕ್ಷಿಣೆ ಇಟ್ಟು, ನೀರು ಬಿಟ್ಟು ಸಂಕಲ್ಪ ಮಾಡಿ ಎತ್ತಿಟ್ಟು, ಬೆಳಿಗ್ಗೆ ಒಪ್ಪಿಸುತ್ತಾರೆ. ಅದು ಬೇರೆ ಖರ್ಚಿಗೆ ಸೇರಿಹೋಗದಂತೆ ಬೇರೆಯಾಗಿಯೇ ಇಡಿ. ಗ್ರಹಣನಿಮಿತ್ತ ಶ್ರಾದ್ಧ ಮಾಡುವ ಮನೆತನಗಳಲ್ಲಿ ಅದನ್ನು ಬೇಯಿಸಿದ ಅನ್ನದಿಂದ ಮಾಡುವುದಿಲ್ಲ; ಹಸಿ ಅಕ್ಕಿಯ ಆಮಶ್ರಾದ್ಧ ಅಥವಾ ಹಣದ ಹಿರಣ್ಯಶ್ರಾದ್ಧ ಮಾಡುತ್ತಾರೆ.

ಆರನೆಯ ಹೆಜ್ಜೆ: ಮೋಕ್ಷಸ್ನಾನ ಮತ್ತು ಆಮೇಲಿನ ಊಟ

ಮೋಕ್ಷಸ್ನಾನವನ್ನು ಬಿಡುವಂತಿಲ್ಲ. ಅದಾಗದೆ ಸೂತಕ ಹೋಗುವುದಿಲ್ಲ ಎಂದು ಧರ್ಮಸಿಂಧು ಹೇಳುತ್ತದೆ. ಎರಡು ಸ್ನಾನ ಮಾಡುವ ಶಕ್ತಿ ಇಲ್ಲದವರು ಸ್ಪರ್ಶಸ್ನಾನವನ್ನು ಬಿಟ್ಟರೂ ಇದನ್ನು ಉಳಿಸಿಕೊಳ್ಳಲಿ. ಇದು ಸಚೈಲ ಸ್ನಾನ, ಎಂದರೆ ಗ್ರಹಣದಲ್ಲಿ ಉಟ್ಟಿದ್ದ ಬಟ್ಟೆಯ ಸಮೇತ. ಇದಕ್ಕೆ ಮಂತ್ರವಿಲ್ಲ. ನೀರು ಸುರಿದುಕೊಂಡು, ಆ ಬಟ್ಟೆಯನ್ನು ಅಲ್ಲೇ ಹಿಂಡಿ, ಒಣಗಿದ್ದನ್ನು ಉಡುವುದು. ನಿದ್ದೆ ಹೋದ ಚಿಕ್ಕ ಮಕ್ಕಳನ್ನು ಒಂದೂವರೆ ರಾತ್ರಿಯಲ್ಲಿ ಎಬ್ಬಿಸಿ ತಣ್ಣೀರು ಸುರಿಯಬೇಡಿ. ಬೆಳಿಗ್ಗೆ ಎದ್ದ ಕೂಡಲೇ ಮಾಡಿಸಿ, ಆಮೇಲೆ ಹಾಲು ಕೊಡಿ.

ಈಗ ಊಟದ ಪ್ರಶ್ನೆ. ‘ಮುಕ್ತೇ ಶಶಿನಿ ಭುಂಜೀತ ಯದಿ ನ ಸ್ಯಾನ್ಮಹಾನಿಶಾ’: ಚಂದ್ರ ಬಿಡುಗಡೆಯಾದ ಮೇಲೆ, ಅದು ಮಹಾನಿಶೆಯಲ್ಲದಿದ್ದರೆ ಊಟ ಮಾಡಬಹುದು. ರಾತ್ರಿಯ ನಡುವಿನ ಎರಡು ಯಾಮಗಳು ಮಹಾನಿಶೆ. ಅಂದು ಅದು ಸುಮಾರು 9:20ರಿಂದ ಬೆಳಗಿನ ಜಾವ 3:15ರವರೆಗೆ. ಮೋಕ್ಷ 1:27ಕ್ಕೆ ಅದರ ಒಳಗೇ ಬಿತ್ತು. ಆದ್ದರಿಂದ ಆರೋಗ್ಯವಂತರಿಗೆ ಅಂದು ರಾತ್ರಿಯ ಊಟವಿಲ್ಲ, ಬೆಳಿಗ್ಗೆಯೇ. ನೀರು ಕುಡಿದು ಮಲಗುವುದಕ್ಕೆ ಅಡ್ಡಿಯಿಲ್ಲ.

ಬೆಳಿಗ್ಗೆ ಎದ್ದು ಅಡುಗೆಮನೆ ಸಾರಿಸಿ ಒರೆಸಿ, ದರ್ಭೆಯನ್ನು ತೆಗೆದು ಗಿಡದ ಬುಡಕ್ಕೆ ಹಾಕಿ, ಕೊಡದ ನೀರನ್ನು ಬದಲಿಸುವುದು. ದೇವರ ಕೋಣೆಯಲ್ಲಿ ಹಿಂದಿನ ದಿನದ ಹೂವು ತೆಗೆದು, ಕಲಶದ ನೀರು ಚೆಲ್ಲಿ, ಮೂರ್ತಿಗಳಿಗೆ ಶುದ್ಧೋದಕದ ಅಭಿಷೇಕ ಮಾಡಿ, ಹೊಸದಾಗಿ ಬೇಯಿಸಿದ ಅನ್ನವನ್ನು ನೈವೇದ್ಯ ಮಾಡಿದ ಮೇಲೆ ಊಟ.

ಲೆಕ್ಕ ತಪ್ಪುವ ಎರಡು ಸಂದರ್ಭಗಳು

ಹಿಡಿದ ಸ್ಥಿತಿಯಲ್ಲೇ ಚಂದ್ರ ಉದಯಿಸಿದರೆ ಅದು ಗ್ರಸ್ತೋದಯ. 2026ರ ಮಾರ್ಚ್ 3ರದು ಇಂಥದ್ದು. ನೆರಳು ತಾಗುವುದು ಮಧ್ಯಾಹ್ನ 3:20ಕ್ಕೆ, ಆದರೆ ಬೆಂಗಳೂರಿನಲ್ಲಿ ಚಂದ್ರೋದಯ ಸಂಜೆ ಸುಮಾರು ಆರೂವರೆಗೆ, ಮೋಕ್ಷ 6:48ಕ್ಕೆ. ನಮಗೆ ಕಾಣುವುದು ಕೊನೆಯ ಕಾಲು ಗಂಟೆಯಷ್ಟೇ, ಪುಣ್ಯಕಾಲವೂ ಅಷ್ಟೇ. ಅಷ್ಟು ಚಿಕ್ಕ ಗ್ರಹಣಕ್ಕೆ ವೇಧವೂ ಚಿಕ್ಕದು ಎಂದುಕೊಂಡರೆ ತಪ್ಪು. ಗ್ರಸ್ತೋದಯದಲ್ಲಿ ವೇಧ ನಾಲ್ಕು ಯಾಮ, ಅಂದರೆ ಹಗಲಿಡೀ ಊಟವಿಲ್ಲ. ಮೋಕ್ಷ ಮಹಾನಿಶೆಗೆ ಎಷ್ಟೋ ಮೊದಲೇ ಆಗುವುದರಿಂದ ಸ್ನಾನ ಮಾಡಿ, ಅಡುಗೆ ಮಾಡಿ, ರಾತ್ರಿ ಎಂಟಕ್ಕೆ ನೆಮ್ಮದಿಯಾಗಿ ಉಣ್ಣಬಹುದು.

ಹಿಡಿದ ಸ್ಥಿತಿಯಲ್ಲೇ ಮುಳುಗಿದರೆ ಗ್ರಸ್ತಾಸ್ತ. 2022ರ ಅಕ್ಟೋಬರ್ 25ರಂದು, ದೀಪಾವಳಿಯ ನಡುವೆ, ಸೂರ್ಯ ಹಾಗೆ ಮುಳುಗಿದ. ಖಗೋಳದ ಲೆಕ್ಕದಲ್ಲಿ ಗ್ರಹಣ ಸಂಜೆಯೇ ಮುಗಿದರೂ, ನಮ್ಮ ಕಣ್ಣಿಗೆ ಬಿಡುಗಡೆಯಾದ ಸೂರ್ಯ ಕಂಡಿರಲಿಲ್ಲ. ಮತ್ತೆ ‘ದರ್ಶನ’ದ ಮಾತೇ ಬರುತ್ತದೆ: ಮರುದಿನ ಬೆಳಿಗ್ಗೆ ಶುದ್ಧ ಬಿಂಬವನ್ನು ಕಂಡು, ಸ್ನಾನ ಮಾಡಿದ ಮೇಲೆಯೇ ಊಟ. ಮಕ್ಕಳು, ಹಿರಿಯರು, ಕಾಯಿಲೆಯವರಿಗೆ ಅಂದು ಕೂಡ ಮನೆಯ ಹಿರಿಯರು ಸಂಜೆಯ ಸ್ನಾನದ ಬಳಿಕ ಬಿಸಿಯಾಗಿ ಬೇಯಿಸಿ ಬಡಿಸಿದ್ದರು.